ಒಂದೂವರೆ ನಿಮಿಷದಲ್ಲಿ ನನ್ನದೆಷ್ಟು?

ಪ್ರಕರಣ ಹೀಗಿದೆ. ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಸಂಬಳಕ್ಕಿದ್ದ ವಿಡಿಯೊ ಎಡಿಟರ್ ಒಬ್ಬಳು ಕೆಲಸ ಬಿಟ್ಟು ಸ್ವತಂತ್ರವಾಗಿ ದುಡಿಯಲು ಹೊರಟಳು. ಹೊಸಬರು ಯಾರೇ ಕೆಲಸ ಕೇಳಲಿ, ನಿರ್ಮಾಪಕರು ಮೊದಲು ಕೇಳುವುದು ಶೋರೀಲ್. ಎರಡು ನಿಮಿಷ ಮೀರಬಾರದು, ಬಗೆಬಗೆಯ ಕೆಲಸ ಬರುತ್ತದೆ ಎಂಬುದು ಅದರಲ್ಲಿ ಕಾಣಬೇಕು. ಅವಳ ಬಳಿ ಸರಕಿಗೆ ಕೊರತೆ ಇರಲಿಲ್ಲ. ತಾನೇ ಎಡಿಟ್ ಮಾಡಿದ ಒಂದು ಕಿರುಚಿತ್ರ, ಕಾಫಿಪುಡಿಯ ಇಪ್ಪತ್ತು ಸೆಕೆಂಡಿನ ಜಾಹೀರಾತು, ಇಳಕಲ್ ನೇಕಾರರ ಮೇಲಿನ ಸಾಕ್ಷ್ಯಚಿತ್ರ, ನಾಲ್ಕಾರು ಮದುವೆ ವಿಡಿಯೊಗಳು, ಇನ್ನೂ ಮಾರುಕಟ್ಟೆಗೆ ಬಾರದ ಯಂತ್ರವೊಂದರ ಬಗ್ಗೆ ಕಂಪನಿಗಾಗಿ ಮಾಡಿದ ಚಿತ್ರ, ಮತ್ತು ಅಸಿಸ್ಟೆಂಟ್ ಎಡಿಟರ್ ಆಗಿ ದುಡಿದ ಒಂದು ದೊಡ್ಡ ಸಿನಿಮಾ.

ಅವಳು ಮೊದಲು ಕಟ್ಟಿದ ರೀಲ್ 2 ನಿಮಿಷ 10 ಸೆಕೆಂಡಿನದು. ಎಲ್ಲ ಕೆಲಸಗಳಿಂದಲೂ ಅತಿ ಚೆಂದದ ಶಾಟ್‌ಗಳನ್ನು ಆರಿಸಿ, ಒಂದು ಬಿರುಸಾದ ಸಂಗೀತದ ಮೇಲೆ ಜೋಡಿಸಿ, ತಾಳ ಬಿದ್ದಲ್ಲೆಲ್ಲ ಕಟ್ ಹಾಕಿದ್ದಳು. ಡ್ರೋನ್‌ನಿಂದ ತೆಗೆದ ಕೊಡಗಿನ ತೋಟ, ನಿಧಾನಗತಿಯಲ್ಲಿ ಹಾರುವ ಅಕ್ಷತೆ, ಮಗ್ಗದ ಮೇಲಿನ ಬಣ್ಣದ ಎಳೆಗಳು, ದೊಡ್ಡ ಸಿನಿಮಾದ ಮಳೆಯ ಹೊಡೆದಾಟ. ಮಾತು ಎಲ್ಲಿಯೂ ಕೇಳುತ್ತಿರಲಿಲ್ಲ. ಗೆಳೆಯರು ಹೊಗಳಿದರು. ಹೊಗಳಿಕೆ ಸುಳ್ಳೇನೂ ಅಲ್ಲ. ನೋಡಲು ರೀಲ್ ಚೆನ್ನಾಗಿಯೇ ಇತ್ತು.

ಜಾಹೀರಾತು ಚಿತ್ರಗಳ ನಿರ್ಮಾಪಕಿಯೊಬ್ಬರು ಅದನ್ನು ಕೊನೆಯವರೆಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾಮೆರಾ ತುಂಬಾ ಚೆನ್ನಾಗಿದೆ. ಇದರಲ್ಲಿ ನಿಂದೇನಮ್ಮ?"

ಕೇಳುವಾಗ ಅವರ ದನಿಯಲ್ಲಿ ಒರಟುತನ ಇರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಬೇರೆಯವರು ದುಡ್ಡು ಹಾಕಿ, ಬಿಸಿಲಲ್ಲಿ ನಿಂತು ತೆಗೆದ ದೃಶ್ಯಗಳನ್ನು ಅವರು ಈ ಹುಡುಗಿಯ ಕೈಗೆ ಒಪ್ಪಿಸುವವರಿದ್ದರು. ಅವುಗಳನ್ನು ಇವಳು ಏನು ಮಾಡಬಲ್ಲಳು ಎಂಬುದಕ್ಕೆ ರೀಲ್‌ನಲ್ಲಿ ಉತ್ತರ ಇರಲಿಲ್ಲ. ಅಲ್ಲಿದ್ದ ಚೆಲುವೆಲ್ಲ ಕ್ಯಾಮೆರಾ ಹಿಡಿದವರದು, ವೇಗ ಸಂಗೀತ ಮಾಡಿದವರದು. ಅವಳದೆಂದು ಹೇಳಬಹುದಾದದ್ದು ತಾಳಕ್ಕೆ ಸರಿಯಾಗಿ ಕಟ್ ಹಾಕುವ ಅಭ್ಯಾಸ ಮಾತ್ರ.

ತಾಳಕ್ಕೆ ಕಟ್ ಹಾಕುವುದು ಸಣ್ಣ ಸಂಗತಿಯಲ್ಲ, ಆದರೆ ಅದು ಕಸುಬಿನ ಒಂದು ಮೂಲೆ. 'ಅಪೊಕ್ಯಾಲಿಪ್ಸ್ ನೌ' ಚಿತ್ರದ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್, 'ಇನ್ ದಿ ಬ್ಲಿಂಕ್ ಆಫ್ ಆನ್ ಐ' ಎಂಬ ತಮ್ಮ ಪುಸ್ತಕದಲ್ಲಿ ಒಳ್ಳೆಯ ಕಟ್‌ಗೆ ಆರು ಅಳತೆಗಳನ್ನು ಕೊಟ್ಟು ಅಂಕ ಹಂಚುತ್ತಾರೆ. ಆ ಗಳಿಗೆಯ ಭಾವಕ್ಕೆ 51, ಕಥೆ ಮುಂದೆ ಸಾಗುವುದಕ್ಕೆ 23, ಲಯಕ್ಕೆ 10. ಮಿಕ್ಕಿದ್ದು ಕಣ್ಣಿನ ಚಲನೆಗೆ, ಚೌಕಟ್ಟಿನ ಹೊಂದಾಣಿಕೆಗೆ, ಸ್ಥಳದ ಹೊಂದಾಣಿಕೆಗೆ. ಈ ಲೆಕ್ಕವನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಬೇಕಿಲ್ಲ. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಅದರಿಂದ ತಿಳಿದರೆ ಸಾಕು. ಮಾತು ತೆಗೆದುಹಾಕಿ ಸಂಗೀತಕ್ಕೆ ಚಿತ್ರ ಹೊಂದಿಸಿದ ರೀಲ್, ಹತ್ತು ಅಂಕದ ಪ್ರಶ್ನೆಯನ್ನೇ ಎರಡು ನಿಮಿಷ ಬರೆದು ಎಪ್ಪತ್ತನಾಲ್ಕು ಅಂಕದ ಪ್ರಶ್ನೆಗಳನ್ನು ಖಾಲಿ ಬಿಟ್ಟ ಉತ್ತರಪತ್ರಿಕೆ.

ಆದ್ದರಿಂದ ಅವಳು ಮತ್ತೆ ಕೂತಾಗ ವಿಂಗಡಿಸುವ ಬಗೆಯನ್ನೇ ಬದಲಿಸಿದಳು. ಚೆಂದದ ಶಾಟ್ ಹುಡುಕುವುದನ್ನು ಬಿಟ್ಟು, ತಾನು ಏನಾದರೊಂದು ತೀರ್ಮಾನ ಮಾಡಿದ ಜಾಗಗಳನ್ನು ಹುಡುಕಿದಳು. ಪ್ರತಿ ಕೆಲಸದಿಂದಲೂ ಅರ್ಧ ನಿಮಿಷದಷ್ಟು ಉದ್ದದ ಎರಡು ಮೂರು ತುಂಡುಗಳನ್ನು ಮಾತು, ಶಬ್ದದ ಸಮೇತ ಒಂದೇ ಟೈಮ್‌ಲೈನ್‌ಗೆ ತಂದಳು. ಪ್ರತಿಯೊಂದರ ಎದುರಿಗೂ ಒಂದು ವಾಕ್ಯ ಬರೆದಳು: ಇಲ್ಲಿ ಇದ್ದ ಸಮಸ್ಯೆ ಏನು, ನಾನು ಮಾಡಿದ್ದೇನು. ವಾಕ್ಯ ಬರೆಯಲಾಗದ ತುಂಡು ಎಷ್ಟೇ ಚೆನ್ನಾಗಿದ್ದರೂ ಹೊರಗೆ. ಡ್ರೋನ್ ಶಾಟ್‌ಗಳೆಲ್ಲ ಹೀಗೆ ಹೋದವು.

ವೈವಿಧ್ಯ ಎಂಬುದರ ಅರ್ಥವೂ ಇಲ್ಲಿಯೇ ತಿಳಿಯಾಯಿತು. ಮದುವೆ, ಜಾಹೀರಾತು, ಸಾಕ್ಷ್ಯಚಿತ್ರ ಎಂದು ವಿಷಯ ಬೇರೆಯಾದ ಮಾತ್ರಕ್ಕೆ ಎಡಿಟರ್‌ನ ವೈವಿಧ್ಯ ತೋರುವುದಿಲ್ಲ. ಮೂರನ್ನೂ ಒಂದೇ ಧಾಟಿಯಲ್ಲಿ ಕತ್ತರಿಸಿದ್ದರೆ ಅದು ಮೂರು ಬಟ್ಟೆ ತೊಟ್ಟ ಒಂದೇ ಕೆಲಸ. ಒಂದು ಕಡೆ ಕಾಯಬೇಕಾಗಿ ಬಂದದ್ದು, ಇನ್ನೊಂದು ಕಡೆ ಹಿಂಡಬೇಕಾಗಿ ಬಂದದ್ದು, ಮತ್ತೊಂದು ಕಡೆ ಮಾತನ್ನು ಮಾತಿಗೆ ಹೆಣೆಯಬೇಕಾಗಿ ಬಂದದ್ದು, ಹೀಗೆ ತೀರ್ಮಾನದ ಜಾತಿ ಬೇರೆಯಾದಾಗ ವೈವಿಧ್ಯ ಕಾಣುತ್ತದೆ. ಅಂಥ ನಾಲ್ಕು ತುಂಡು ಸಿಕ್ಕರೆ ಎರಡು ನಿಮಿಷವೂ ಬೇಕಾಗುವುದಿಲ್ಲ.

ಕೊನೆಗೆ ನಿಂತ ನಾಲ್ಕು ಇವು. ಕಾಫಿಪುಡಿಯ ಜಾಹೀರಾತು ಇಡಿಯಾಗಿ 20 ಸೆಕೆಂಡು. ಬರೆದು ಚಿತ್ರೀಕರಿಸಿದ್ದು ಅದಕ್ಕಿಂತ ಎಷ್ಟೋ ಉದ್ದದ ಪ್ರಸಂಗ, ಅದನ್ನು ನಗು ತಪ್ಪದ ಹಾಗೆ ಹಿಂಡಿದ್ದು ಅವಳ ಕೆಲಸ. ಕಿರುಚಿತ್ರದ ಅಡುಗೆಮನೆಯ ದೃಶ್ಯ 28 ಸೆಕೆಂಡು; ಜಮೀನು ಮಾರುವ ಮಾತೆತ್ತಿದ ಮಗಳಿಗೆ ತಂದೆ ಉತ್ತರ ಕೊಡುವುದಿಲ್ಲ, ಆಗ ತನ್ನ ಬಳಿಯಿದ್ದ ಅನೇಕ ಶಾಟ್‌ಗಳಲ್ಲಿ ಎಡಿಟರ್ ತಂದೆಯ ಮುಖ ಬಿಟ್ಟು, ಹುರುಳಿಕಾಯಿ ಮುರಿಯುತ್ತಿರುವ ಅವನ ಕೈಗಳ ಮೇಲೆ ನಿಂತಿದ್ದಳು. ನೇಕಾರರ ಸಾಕ್ಷ್ಯಚಿತ್ರದಿಂದ 25 ಸೆಕೆಂಡು, ಮದುವೆಯಿಂದ ಸಂಗೀತದ ಲಯಕ್ಕೆ ಕಟ್ಟಿದ 15 ಸೆಕೆಂಡು. ತುಂಡು ತುಂಡಿನ ನಡುವೆ ಒಂದೊಂದು ಸೆಕೆಂಡು ಕಪ್ಪು ತೆರೆ. ಕೊನೆಗೆ ಹೆಸರು, ಫೋನ್ ನಂಬರ್, ಇಮೇಲ್ ಇರುವ 5 ಸೆಕೆಂಡು. ಒಟ್ಟು 1 ನಿಮಿಷ 36 ಸೆಕೆಂಡು.

ಕ್ರಮದ ಬಗ್ಗೆ ಒಂದು ಜಿಜ್ಞಾಸೆ ಎದ್ದಿತು. ಅವಳ ಅತ್ಯುತ್ತಮ ಕೆಲಸ ಅಡುಗೆಮನೆಯದು, ಅದೇ ಮೊದಲು ಬರಬೇಕಲ್ಲವೇ? ಆದರೆ ಅಪರಿಚಿತರು ಹಿಂದುಮುಂದು ಗೊತ್ತಿಲ್ಲದೆ ನೋಡಲು ಕೂತಾಗ ಮೌನವೊಂದರ ಮಧ್ಯೆ ಅವರನ್ನು ಇಳಿಸಿದರೆ, ಅದು ಮೌನವೋ ಜೋಲುವ ದೃಶ್ಯವೋ ತಿಳಿಯುವುದು ಕಷ್ಟ. ಜಾಹೀರಾತಿಗೆ ಆ ತೊಂದರೆ ಇಲ್ಲ; ಅದರ ಆದಿ, ಅಂತ್ಯ ಅದರಲ್ಲೇ ಇದೆ. ಬಿಗಿಯಾಗಿ ಕತ್ತರಿಸಬಲ್ಲಳು ಎಂದು ಇಪ್ಪತ್ತು ಸೆಕೆಂಡಿನಲ್ಲಿ ಮನವರಿಕೆಯಾದ ಮೇಲೆ, ಮುಂದಿನ ದೃಶ್ಯದಲ್ಲಿ ಅವಳು ಕತ್ತರಿಸದೆ ಕಾದದ್ದು ಬೇಕೆಂದೇ ಮಾಡಿದ್ದು ಎಂದು ನೋಡುವವರಿಗೆ ಗೊತ್ತಾಗುತ್ತದೆ. ಹಾಗಾಗಿ ಜಾಹೀರಾತು ಮೊದಲು, ಅಡುಗೆಮನೆ ಎರಡನೆಯದು.

ಇಷ್ಟು ಕಸುಬಿನ ಮಾತು. ಪ್ರಕರಣದ ನಿಜವಾದ ಗಂಟು ಬಿಗಿದದ್ದು ಮೂರನೆಯ ತುಂಡಿನಲ್ಲಿ.

ಹೊಸ ರೀಲ್‌ನ ಮೊದಲ ಕರಡಿನಲ್ಲಿ ಅವಳು ನೇಕಾರನ ಒಂದೇ ಒಂದು ಮಾತನ್ನು ಬಳಸಿದ್ದಳು. ಮಗ್ಗದ ಗುಂಡಿಯಲ್ಲಿ ಕೂತ ಹಿರಿಯ, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತ, "ನಮ್ಮ ಮಕ್ಕಳು ಈ ಕೆಲಸಕ್ಕ ಬರಂಗಿಲ್ರಿ" ಎನ್ನುತ್ತಾನೆ. ಅಲ್ಲಿಗೆ ಕಟ್, ಮೇಲೆ ಒಂದು ವಿಷಾದದ ಕೊಳಲು. ನೋಡಿದವರಿಗೆ ಕರುಳು ಚುರ್ ಎನ್ನುತ್ತಿತ್ತು. ಆದರೆ ಸಾಕ್ಷ್ಯಚಿತ್ರದಲ್ಲಿ ಆತ ಅದೇ ಉಸಿರಿನಲ್ಲಿ ಮುಂದುವರಿದಿದ್ದ: "ಬರೂದೂ ಬ್ಯಾಡ. ಮಗಳು ಟೀಚರ್ ಆಗ್ಯಾಳ." ಆ ಮಾತಿನ ಕೊನೆಗೆ ಅವನ ಮುಖದಲ್ಲಿ ಹೆಮ್ಮೆ ಇತ್ತು.

ಇದು ತಪ್ಪೇ? ಅವಳು ಸುಳ್ಳನ್ನೇನೂ ಸೇರಿಸಿರಲಿಲ್ಲ. ಆತ ಆಡಿದ ಮಾತೇ, ಆತನ ದನಿಯೇ. ಚಿತ್ರದಲ್ಲಿ ಪೂರ್ತಿ ಮಾತು ಇದೆ. ಶೋರೀಲ್ ಎಂಬುದು ಚಿತ್ರವಲ್ಲ, ಮಾದರಿ ಮಾತ್ರ. ಅದನ್ನು ನೇಕಾರ ನೋಡುವ ಸಂಭವವೂ ಇಲ್ಲ. ಈ ಸಮಾಧಾನಗಳನ್ನೆಲ್ಲ ಒಂದೊಂದಾಗಿ ಒಪ್ಪಬಹುದು. ಒಟ್ಟಾಗಿ ಇಟ್ಟು ನೋಡಿದರೆ ಅವು ಹೇಳುವುದು ಇಷ್ಟೇ: ನನ್ನ ಕೈಚಳಕ ಕಾಣಲಿ ಎಂದು ಒಬ್ಬ ಮನುಷ್ಯ ಹೆಮ್ಮೆಯಿಂದ ಆಡಿದ್ದನ್ನು ನಾನು ಅಳುವನ್ನಾಗಿ ಮಾಡಿದೆ.

ಸಾಕ್ಷ್ಯಚಿತ್ರದ ಎಡಿಟರ್‌ನ ದಿನನಿತ್ಯದ ಕೆಲಸವೇ ಮಾತನ್ನು ಕತ್ತರಿಸಿ ಜೋಡಿಸುವುದು. ಸಂದರ್ಶನದ ಆರಂಭದ ವಾಕ್ಯವೊಂದನ್ನು ಕೊನೆಯ ವಾಕ್ಯಕ್ಕೆ ಸೇರಿಸಿ, ಜೋಡಣೆಯ ಮೇಲೆ ಮಗ್ಗದ ಚಿತ್ರ ಹೊದಿಸಿದರೆ ನೋಡುವವರಿಗೆ ಸುಳಿವೇ ಸಿಗದು. ಈ ಸಾಮರ್ಥ್ಯ ಇರುವವರ ಕೈಯಲ್ಲಿ ಮಾತನಾಡಿದವನ ಮಾನ ಇರುತ್ತದೆ. ಅವನು ಎಡಿಟಿಂಗ್ ಕೋಣೆಯಲ್ಲಿ ಇರುವುದಿಲ್ಲ, ಆಕ್ಷೇಪ ಎತ್ತಲಾರ. ಸಾಕ್ಷ್ಯಚಿತ್ರದ ನಿರ್ದೇಶಕರು ಎಡಿಟರ್ ಹುಡುಕುವಾಗ ಮುಖ್ಯವಾಗಿ ನೋಡುವುದೂ ಇದನ್ನೇ. ವಿಷಾದ ಹುಟ್ಟಿಸಿದ ಆ ಕಟ್ ಅವರಿಗೆ ತೋರಿಸುತ್ತಿದ್ದುದು, ಪರಿಣಾಮಕ್ಕಾಗಿ ಅರ್ಥ ಬಿಟ್ಟುಕೊಡುವ ಕೈಯನ್ನು.

ಅವಳು ತುಂಡನ್ನು ಆರು ಸೆಕೆಂಡು ಉದ್ದ ಮಾಡಿ ಎರಡನೆಯ ಮಾತನ್ನೂ ಒಳಗೆ ತಂದಳು, ಕೊಳಲನ್ನು ತೆಗೆದಳು. ಆಗ ಚಿತ್ರದಲ್ಲಿ ಅವಳು ನಿಜವಾಗಿ ಮಾಡಿದ್ದ ಕೆಲಸ ಕಾಣಿಸಿಕೊಂಡಿತು. ತುಂಡಿನ ಆರಂಭದಲ್ಲಿ ಚಿತ್ರ ಇನ್ನೂ ಬೀದಿಯಲ್ಲಿರುವಾಗಲೇ ಮಗ್ಗದ ಸದ್ದು ಕೇಳಲು ತೊಡಗುತ್ತದೆ, ಆಮೇಲೆ ಮಗ್ಗ ಕಾಣುತ್ತದೆ. ಹೀಗೆ ಶಬ್ದ ಮುಂದೆ ಬಂದು ಚಿತ್ರವನ್ನು ಕರೆದುತರುವುದಕ್ಕೆ ಎಡಿಟರ್‌ಗಳು ಜೆ-ಕಟ್ ಎನ್ನುತ್ತಾರೆ. "ಮಗಳು ಟೀಚರ್ ಆಗ್ಯಾಳ" ಎಂದ ಮೇಲೆ ಮಗ್ಗದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ. ಕೊಳಲಿನ ಅಡಿಯಲ್ಲಿ ಇವೆರಡೂ ಹೂತುಹೋಗಿದ್ದವು.

ಈ ತೀರ್ಮಾನದಿಂದ ಅವಳು ತನಗೊಂದು ಕಟ್ಟಳೆ ಮಾಡಿಕೊಂಡಳು: ತುಂಡು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂಬುದು ನನ್ನ ಆಯ್ಕೆ, ಅದರ ಒಳಗೆ ಮಾತ್ರ ಕೈಯಾಡಿಸುವುದಿಲ್ಲ. ಅಡುಗೆಮನೆಯ ದೃಶ್ಯದಲ್ಲಿ ತಂದೆಯ ಕೈಗಳ ಮೇಲಿನ ಮೌನವನ್ನು ಅರ್ಧ ಮಾಡಿದ್ದರೆ ರೀಲ್ ಇನ್ನೂ ಚುರುಕಾಗುತ್ತಿತ್ತು. ಆದರೆ ಅಷ್ಟು ಹೊತ್ತು ನಿಲ್ಲಲು ನಿರ್ದೇಶಕರನ್ನು ಒಪ್ಪಿಸಿದ್ದೇ ಅವಳ ಕೆಲಸ. ಚಿತ್ರದಲ್ಲಿ ಇಲ್ಲದ ಕಟ್ ಅನ್ನು ಆ ಚಿತ್ರದ ಹೆಸರಿನಲ್ಲಿ ತೋರಿಸುವುದು ನಡೆಯದ ಕೆಲಸಕ್ಕೆ ಸಾಕ್ಷಿ ನುಡಿದ ಹಾಗೆ. ಸಿನಿಮಾದ ಚೌಕಟ್ಟು ಅಗಲವಾಗಿದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಲಿ. ಪರದೆ ತುಂಬಿಸಲು ಎರಡೂ ಬದಿ ಕತ್ತರಿಸಿದರೆ ಕ್ಯಾಮೆರಾದವರು ಅಳೆದಿಟ್ಟದ್ದು ಕೆಡುತ್ತದೆ.

ಕೈಯಾಡಿಸಲೇಬೇಕಾದದ್ದು ಒಟ್ಟು ಧ್ವನಿಯ ಮಟ್ಟಕ್ಕೆ. ಟಿವಿಗೆಂದು ಮುಗಿಸಿದ ಕೆಲಸ ಮೆಲ್ಲಗೆ, ಅಂತರ್ಜಾಲಕ್ಕೆಂದು ಮುಗಿಸಿದ್ದು ಜೋರಾಗಿ ಇರುತ್ತದೆ. ಪಕ್ಕಪಕ್ಕ ಇಟ್ಟರೆ ಜಾಹೀರಾತು ಕಿರುಚಿ, ಅಡುಗೆಮನೆ ಪಿಸುಗುಟ್ಟುತ್ತದೆ. ನೋಡುವವರು ವಾಲ್ಯೂಮ್ ಏರಿಸುವಷ್ಟರಲ್ಲಿ ಮೌನ ಮುಗಿದಿರುತ್ತದೆ. ಮೆಲ್ಲಗಿನದನ್ನು ಏಕಾಏಕಿ ಏರಿಸಿದರೆ ಕೋಣೆಯ ಗುಯ್‌ಗುಡುವಿಕೆಯೂ ಏರುತ್ತದೆ. ಅವಳು ಜಾಹೀರಾತನ್ನು ತಗ್ಗಿಸಿ, ನಾಲ್ಕರಲ್ಲೂ ಮನುಷ್ಯರ ಮಾತು ಒಂದೇ ಎತ್ತರದಲ್ಲಿ ಕೇಳುವಂತೆ ಮಾಡಿ, ಆಮೇಲೆ ಇಡೀ ರೀಲ್ ಅನ್ನು -14 LUFS ಸುಮಾರಿಗೆ ತಂದಳು. ಯೂಟ್ಯೂಬ್ ಅದಕ್ಕಿಂತ ಜೋರಿನದನ್ನು ತಾನೇ ತಗ್ಗಿಸುತ್ತದೆ, ಮೆಲ್ಲಗಿನದನ್ನು ಏರಿಸುವುದಿಲ್ಲ. ಇನ್ನೊಂದು ಎಚ್ಚರ ಮೂಲಪ್ರತಿಯದು. ವಾಟ್ಸಾಪ್‌ನಲ್ಲಿ ಬಂದ ಅಥವಾ ಯೂಟ್ಯೂಬ್‌ನಿಂದ ಇಳಿಸಿಕೊಂಡ ಪ್ರತಿ ಬಳಸಿದರೆ, ರೀಲ್ ಮತ್ತೆ ಅಪ್‌ಲೋಡ್ ಆದಾಗ ಕತ್ತಲೆಯ ಭಾಗಗಳಲ್ಲಿ ಚೌಕಚೌಕವಾಗಿ ಒಡೆಯುತ್ತದೆ. ನಿರ್ಮಾಪಕರಿಂದ ಮಾಸ್ಟರ್ ಪ್ರತಿ ಕೇಳಿ ಪಡೆಯಬೇಕು.

ಹಾಗೆ ಕೇಳಲು ಹೋದಾಗ ಇನ್ನೊಂದು ಪ್ರಶ್ನೆ ಎದುರಾಯಿತು: ಇದನ್ನು ತೋರಿಸುವ ಹಕ್ಕು ಅವಳಿಗಿದೆಯೇ? ನಾನೇ ರಾತ್ರಿ ಹಗಲು ಕೂತು ಎಡಿಟ್ ಮಾಡಿದ್ದು, ನಾನು ತೋರಿಸಿದರೇನು ಎಂಬುದು ಈ ಕಸುಬಿನವರ ಸಹಜ ಭಾವನೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರಕ್ಕೆ ನಿರ್ಮಾಪಕರನ್ನೇ ಕರ್ತೃ ಎಂದು ಎಣಿಸಲಾಗಿದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತಮಗಾಗಿ ಚಿತ್ರ ಮಾಡಿಸಿಕೊಂಡವರೇ ಅದರ ಮೊದಲ ಒಡೆಯರು ಎನ್ನುತ್ತದೆ ಅದರ 17ನೇ ಸೆಕ್ಷನ್. ಅಂದರೆ ಜಾಹೀರಾತು ಕಾಫಿಪುಡಿಯವರದು, ಮದುವೆಯ ವಿಡಿಯೊ ಮದುವೆಯ ಮನೆಯವರದು. ಎಡಿಟರ್ ಕೇಳಿಯೇ ತೋರಿಸಬೇಕು. ಕೇಳುವಾಗ ಯಾವ ಭಾಗ, ಎಷ್ಟು ಸೆಕೆಂಡು, ಎಲ್ಲರಿಗೂ ತೆರೆದಿಡುವುದೋ ಪಾಸ್‌ವರ್ಡ್ ಹಾಕಿ ಕೆಲಸ ಕೊಡುವವರಿಗೆ ಮಾತ್ರ ತೋರಿಸುವುದೋ ಎಂಬುದನ್ನು ಸ್ಪಷ್ಟವಾಗಿ ಬರೆದು, ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಬೇಕು. ಹೀಗೆ ಬಿಡಿಸಿ ಕೇಳಿದಾಗ ಬಹುಮಟ್ಟಿಗೆ ಒಪ್ಪುತ್ತಾರೆ. ಯಂತ್ರದ ಕಂಪನಿಯ ಚಿತ್ರವನ್ನು ಅವಳು ಕೇಳಲೂ ಹೋಗಲಿಲ್ಲ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದಳು.

ಮದುವೆಯ ವಿಷಯದಲ್ಲಿ ಮದುಮಗಳು ಒಂದು ಮಾತು ಹೇಳಿದಳು. "ಅರಿಶಿನದ ಶಾಸ್ತ್ರದ್ದು ಹಾಕ್ಕೊಳ್ಳಿ ಅಕ್ಕ, ಹೆಣ್ಣೊಪ್ಪಿಸುವಾಗ ಅಪ್ಪ ಅತ್ತಿದ್ದು ಮಾತ್ರ ಬೇಡ." ಎಡಿಟರ್‌ನ ಮದುವೆ ಕೆಲಸಗಳಲ್ಲೆಲ್ಲ ಗಟ್ಟಿಯಾದ ಭಾಗವೇ ಅದು. ತೆಗೆದದ್ದರಿಂದ ರೀಲ್‌ಗೆ ನಷ್ಟವಾಯಿತು, ಅದನ್ನು ಮುಚ್ಚಿಡಬೇಕಿಲ್ಲ. ಹಣ ಕೊಟ್ಟು ಕ್ಯಾಮೆರಾ ಕರೆಸಿದ ಆ ತಂದೆ ತನ್ನ ಮನೆಯವರ ಎದುರು ಅತ್ತಿದ್ದ, ಅಪರಿಚಿತ ನಿರ್ಮಾಪಕರ ಎದುರು ಅಲ್ಲ. ಅರಿಶಿನದ ಶಾಸ್ತ್ರದ ಗದ್ದಲ, ನಗು, ಲಯ ಆ 15 ಸೆಕೆಂಡುಗಳನ್ನು ತುಂಬಿದವು. ಭಾವದ ಭಾರವನ್ನು ಅಡುಗೆಮನೆಯ ದೃಶ್ಯ ಹೊತ್ತುಕೊಂಡಿತ್ತು.

ಉಳಿದದ್ದು ದೊಡ್ಡ ಸಿನಿಮಾ. ಅದರ ಹೆಸರು ಕೇಳಿದರೆ ಯಾರಾದರೂ ತಲೆಯೆತ್ತುತ್ತಾರೆ. ಅಲ್ಲಿ ಅವಳು ತಿಂಗಳುಗಟ್ಟಲೆ ಚಿತ್ರಕ್ಕೂ ಧ್ವನಿಗೂ ಸಿಂಕ್ ಮಾಡಿ, ಟೇಕ್‌ಗಳನ್ನು ವಿಂಗಡಿಸಿ, ಪಟ್ಟಿ ಮಾಡಿ ಇಟ್ಟಿದ್ದಳು. ಮಳೆಯ ಹೊಡೆದಾಟವನ್ನು ಎಡಿಟ್ ಮಾಡಿದವರು ಮುಖ್ಯ ಸಂಕಲನಕಾರರು. ಮೊದಲ ರೀಲ್‌ನಲ್ಲಿ ಆ ಹೊಡೆದಾಟದ ಮೇಲೆ ಯಾವ ಬರಹವೂ ಇರಲಿಲ್ಲ, ಅಂದರೆ ಸುಳ್ಳು ಬರೆದಿರಲಿಲ್ಲ. ಆದರೆ ಎಡಿಟರ್‌ನ ಶೋರೀಲ್‌ನಲ್ಲಿ ಬರಹವಿಲ್ಲದೆ ನಿಂತ ದೃಶ್ಯಕ್ಕೆ ಒಂದೇ ಅರ್ಥ: ಇದು ನನ್ನ ಕಟ್. ನೋಡುವವರು ಹಾಗೆಂದು ತಿಳಿಯುತ್ತಾರೆಂದು ಗೊತ್ತಿದ್ದೇ ಸುಮ್ಮನಿರುವುದು ಹೇಳಿದ್ದಕ್ಕೆ ಸಮ. ಅವಳು ಅದನ್ನು ರೀಲ್‌ನಿಂದ ತೆಗೆದು, ಕೆಲಸದ ವಿವರ ಇರುವ ಪುಟದಲ್ಲಿ ಸಿನಿಮಾದ ಹೆಸರಿನ ಮುಂದೆ 'ಅಸಿಸ್ಟೆಂಟ್ ಎಡಿಟರ್' ಎಂದು ಬರೆದಳು. ಉಳಿಸಿಕೊಂಡ ನಾಲ್ಕು ತುಂಡುಗಳಿಗೂ ಎಡಗಡೆ ಕೆಳಮೂಲೆಯಲ್ಲಿ ಮೂರು ಸೆಕೆಂಡು ಸಣ್ಣ ಅಕ್ಷರ: ಕೆಲಸದ ಬಗೆ, ತನ್ನ ಪಾತ್ರ. ಸಾಕ್ಷ್ಯಚಿತ್ರಕ್ಕೆ 'ಸಂಕಲನ, ಶಬ್ದ ಜೋಡಣೆ', ಕಿರುಚಿತ್ರಕ್ಕೆ 'ಸಂಕಲನ' ಮಾತ್ರ, ಏಕೆಂದರೆ ಅದರ ಬಣ್ಣ, ಶಬ್ದ ಎರಡೂ ಬೇರೆಯವರದು.

ಇಲ್ಲಿ ಒಂದು ಅನ್ಯಾಯವೂ ಇದೆ. ಅಸಿಸ್ಟೆಂಟ್ ಮಾಡುವ ಕೆಲಸ ತೆರೆಯ ಮೇಲೆ ಕಾಣುವಂಥದ್ದಲ್ಲ. ವಿಂಗಡಣೆ ಎಷ್ಟು ಚೊಕ್ಕಟ ಎಂದು ತೋರಿಸುವ ಶೋರೀಲ್ ಇಲ್ಲ. ಇವಳಿಗೆ ಬೇರೆ ಕೆಲಸವಿತ್ತು. ಅಸಿಸ್ಟೆಂಟ್ ಆಗಿಯೇ ವರ್ಷಗಳನ್ನು ಕಳೆದವರ ಬಳಿ ಏನಿದೆ? ಅವರಿಗೆ ಪ್ರಾಮಾಣಿಕವಾದ ದಾರಿ ಎಂದರೆ, ಪರಿಚಿತ ನಿರ್ದೇಶಕರ ಮುಗಿಯದ ಕಿರುಚಿತ್ರದ್ದೋ ಅಭ್ಯಾಸಕ್ಕೆಂದೇ ಮಾರುವಂಥದ್ದೋ ಕಚ್ಚಾ ದೃಶ್ಯಗಳನ್ನು ಪಡೆದು ತಾವೇ ಒಂದು ದೃಶ್ಯ ಕಟ್ಟಿ, ಅದರ ಮೇಲೆ 'ಅಭ್ಯಾಸ' ಎಂದು ಬರೆಯುವುದು. ಎರವಲು ಹೊಡೆದಾಟದ ಮೆರುಗು ಅದಕ್ಕಿರದು. ಆದರೆ ಅದರ ಪ್ರತಿ ಕಟ್‌ಗೂ ಅವರು ಕಾರಣ ಹೇಳಬಲ್ಲರು.

ಕಾರಣ ಹೇಳಬೇಕಾಗಿ ಬಂದೇ ಬರುತ್ತದೆ. ಹೊಸ ರೀಲ್ ನೋಡಿದ ಅದೇ ನಿರ್ಮಾಪಕಿ ಈ ಸಲ ಕ್ಯಾಮೆರಾದ ಸುದ್ದಿ ಎತ್ತಲಿಲ್ಲ. ಅಡುಗೆಮನೆಯ ದೃಶ್ಯವನ್ನು ಹಿಂದಕ್ಕೆ ಎಳೆದು, "ಕೈ ಮೇಲೆ ನಿಂತಿದ್ದು ಸ್ಕ್ರಿಪ್ಟ್‌ನಲ್ಲಿ ಇತ್ತಾ?" ಎಂದರು. ಇರಲಿಲ್ಲ, ಮುಖದ ಟೇಕ್‌ಗಳಲ್ಲಿ ನಟ ದುಃಖವನ್ನು ತೋರಿಸಲು ಹೋಗಿ ಹೆಚ್ಚು ಮಾಡಿಬಿಟ್ಟಿದ್ದರು, ಕೈಗಳ ಶಾಟ್ ಬೇರೆ ಕಡೆ ಬಳಸಲೆಂದು ತೆಗೆದದ್ದು ಎಂದು ಅವಳು ಹೇಳಿದಳು. ಮಾತು ಆಮೇಲೆ ಆ ದೃಶ್ಯದ ಮೇಲೆಯೇ ಬಹಳ ಹೊತ್ತು ನಡೆಯಿತು. ಹೊಡೆದಾಟದ ದೃಶ್ಯ ರೀಲ್‌ನಲ್ಲೇ ಇದ್ದು ಇಂಥದೇ ಪ್ರಶ್ನೆ ಅದರ ಬಗ್ಗೆ ಬಂದಿದ್ದರೆ, ಅವಳ ಬಳಿ ಎರಡೇ ದಾರಿ ಇರುತ್ತಿದ್ದವು: ಮೌನ, ಇಲ್ಲವೇ ಸುಳ್ಳು.

ಇದರಿಂದ ನಾನು ತೆಗೆಯುವ ತೀರ್ಮಾನ ಇದು. ಎಡಿಟಿಂಗ್ ಹುಟ್ಟಿನಿಂದಲೇ ಬೇರೆಯವರ ಸಾಮಗ್ರಿಯ ಮೇಲೆ ನಿಂತ ಕಸುಬು. ಮುಖ ನಟನದು, ಬೆಳಕು ಕ್ಯಾಮೆರಾದವರದು, ಮಾತು ನೇಕಾರನದು, ಕಣ್ಣೀರು ಮದುಮಗಳ ತಂದೆಯದು. ಎಡಿಟರ್‌ನದು ಇವುಗಳ ನಡುವಿನ ತೀರ್ಮಾನಗಳು ಮಾತ್ರ, ಅವು ಕಡಿಮೆಯೇನಲ್ಲ. ತನ್ನದನ್ನು ಖಚಿತವಾಗಿ ಬೇರ್ಪಡಿಸಿ ತೋರಿಸಿದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ, ಬೇರೆಯವರದನ್ನು ಬೆರೆಸಿದಷ್ಟೂ ಅದರೊಳಗೆ ಮುಳುಗಿಹೋಗುತ್ತದೆ. ನಾಳೆ ಫುಟೇಜ್ ಒಪ್ಪಿಸುವವರು ಒಂದೂವರೆ ನಿಮಿಷದಲ್ಲಿ ಅಳೆಯುವುದು ಇವಳ ಕೌಶಲವನ್ನಷ್ಟೇ ಅಲ್ಲ, ನಮ್ಮದನ್ನು ಇವಳು ಹೇಗೆ ನೋಡಿಕೊಳ್ಳುತ್ತಾಳೆ ಎಂಬುದನ್ನೂ. ಇನ್ನೊಬ್ಬರದನ್ನು ನೋಡಿಕೊಂಡ ರೀತಿಯೇ ಅದಕ್ಕೆ ಅವರ ಕೈಗೆ ಸಿಗುವ ಪುರಾವೆ.